ಹದಿನೆಂಟು ಐದಾದಾಗ: ಹಳೆ ಸ್ಟಾಕು, ಹೊಸ ಜಿಎಸ್‌ಟಿ ದರ, ಅಂಗಡಿಯ ಲೆಕ್ಕ

2025ರ ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆ ತೆರಿಗೆ ದರಗಳನ್ನು ಬದಲಿಸಲು ತೀರ್ಮಾನಿಸಿತು. ಹೊಸ ದರಗಳು ಸೆಪ್ಟೆಂಬರ್ 22ರಿಂದ ಜಾರಿಗೆ ಬಂದವು. ಅಲ್ಲಿಯವರೆಗೆ ಶೇ 18 ತೆರಿಗೆಯಿದ್ದ ತಲೆಗೆ ಹಚ್ಚುವ ಎಣ್ಣೆ, ಶಾಂಪೂ, ಟೂತ್‌ಪೇಸ್ಟ್, ಸ್ನಾನದ ಸಾಬೂನು, ಬಿಸ್ಕತ್ತುಗಳಿಗೆ ಶೇ 5 ಆಯಿತು. ಶೇ 12 ಇದ್ದ ತುಪ್ಪ, ಬೆಣ್ಣೆಯೂ ಶೇ 5ಕ್ಕೆ ಇಳಿದವು. ಬರೆಯುವ ನೋಟ್‌ಬುಕ್ಕಿಗೆ ತೆರಿಗೆಯೇ ಇಲ್ಲವಾಯಿತು.

ಗಿರಾಕಿಗೆ ಇದು ಸಂತೋಷದ ಸುದ್ದಿ. ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಿಗೆ ಮಾತ್ರ ಮೊದಲು ಹೊಳೆಯುವುದು ಬೇರೆಯೇ ಪ್ರಶ್ನೆ: ಶೇ 18 ಕೊಟ್ಟು ತಂದಿಟ್ಟ ಮಾಲನ್ನು ಶೇ 5ರಲ್ಲಿ ಮಾರಿದರೆ ನಡುವಿನ ದುಡ್ಡು ಯಾರ ಪಾಲು? ಅದಕ್ಕೆ ಒಂದೇ ಉತ್ತರವಿಲ್ಲ. ನೀವು ಸಾಮಾನ್ಯ ನೋಂದಣಿಯವರೋ ಕಾಂಪೊಸಿಷನ್‌ನವರೋ, ಮಾಲು ಶೇ 5ಕ್ಕೆ ಇಳಿಯಿತೋ ಸೊನ್ನೆಗೆ ಇಳಿಯಿತೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಒಂದು ಬಾಟಲಿ ತಲೆ ಎಣ್ಣೆಯನ್ನು ಹಿಡಿದು ಲೆಕ್ಕ ಮಾಡೋಣ. ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡಿದ್ದೇನೆ. ನಿಮ್ಮ ಅಂಗಡಿಯ ಅಂಕಿ ಹಾಕಿದರೂ ದಾರಿ ಇದೇ, ಮುಂದೆ ಇನ್ನೊಮ್ಮೆ ದರ ಬದಲಾದರೂ ಇದೇ.

ಮೊದಲ ಹೆಜ್ಜೆ: ಯಾವ ಮಾಲಿಗೆ ಯಾವ ದರ

ಸುದ್ದಿಯಲ್ಲಿ ಕೇಳಿದ್ದನ್ನು ನಂಬಿ ಬಿಲ್ಲಿಂಗ್‌ನಲ್ಲಿ ದರ ತಿದ್ದಬೇಡಿ. ‘ಸಾಬೂನು ಶೇ 5’ ಎಂದು ಕೇಳಿದವರಲ್ಲಿ ಎಷ್ಟೋ ಮಂದಿ ಬಟ್ಟೆ ಒಗೆಯುವ ಪುಡಿಗೂ ಶೇ 5 ಹಾಕಿಬಿಟ್ಟರು. ಇಳಿದದ್ದು ಸ್ನಾನದ ಸಾಬೂನಿನ ಬಿಲ್ಲೆಗೆ ಮಾತ್ರ. ಬಟ್ಟೆ ಪುಡಿ ಶೇ 18ರಲ್ಲೇ ಉಳಿಯಿತು, ಕೈ ತೊಳೆಯುವ ದ್ರವ ಸೋಪೂ ಅಲ್ಲೇ ಉಳಿಯಿತು. ಪಕ್ಕಪಕ್ಕದಲ್ಲೇ ಇಡುವ ಸಾಮಾನುಗಳಿಗೆ ಬೇರೆ ಬೇರೆ ದರ ಇರುವುದರಿಂದ ನೋಡಬೇಕಾದ್ದು ಹೆಸರನ್ನಲ್ಲ, ಡಿಸ್ಟ್ರಿಬ್ಯೂಟರ್ ಬಿಲ್ಲಿನಲ್ಲಿರುವ ಎಚ್‌ಎಸ್‌ಎನ್ ಸಂಖ್ಯೆಯನ್ನು. ಆ ಸಂಖ್ಯೆಗೆ ಸರ್ಕಾರದ ಅಧಿಸೂಚನೆಯಲ್ಲಿ ಯಾವ ದರ ಇದೆಯೋ ಅದೇ ಖಚಿತ. ದರ ಬದಲಾದ ಮೇಲೆ ಡಿಸ್ಟ್ರಿಬ್ಯೂಟರ್ ಕಳಿಸುವ ಮೊದಲ ಬಿಲ್ಲಿನ ಜೊತೆ ನಿಮ್ಮ ಪಟ್ಟಿಯನ್ನು ಒಮ್ಮೆ ತಾಳೆ ನೋಡಿ. ಎರಡರಲ್ಲಿ ವ್ಯತ್ಯಾಸ ಕಂಡರೆ ಅವರನ್ನೇ ಕೇಳಿ, ಸುಮ್ಮನೆ ಅವರದನ್ನು ನಕಲು ಮಾಡಬೇಡಿ. ಅವರೂ ತಪ್ಪಬಹುದು.

ಎರಡನೆಯ ಹೆಜ್ಜೆ: ಬೆಲೆ ಇಳಿಸುವುದು ಎಷ್ಟು

ನಮ್ಮ ಬಾಟಲಿಯ ಹಳೆ ಎಂಆರ್‌ಪಿ ₹118 ಎಂದುಕೊಳ್ಳಿ. ಎಂಆರ್‌ಪಿಯೊಳಗೆ ತೆರಿಗೆ ಸೇರಿಯೇ ಇರುತ್ತದೆ. ಅಂದರೆ ಮಾಲಿನ ಬೆಲೆ ₹100, ಅದರ ಮೇಲೆ ಶೇ 18ರಂತೆ ₹18. ಈಗ ತೆರಿಗೆ ಶೇ 5. ಮಾಲಿನ ಬೆಲೆ ಬದಲಾಗಿಲ್ಲ, ಅದೇ ₹100. ಮೇಲೆ ₹5 ಸೇರಿಸಿದರೆ ಹೊಸ ಬೆಲೆ ₹105.

ಇಳಿದದ್ದು 13 ರೂಪಾಯಿ. ಆದರೆ ಅದು 118ರಲ್ಲಿ 13, ಅಂದರೆ ಶೇ 11 ಚಿಲ್ಲರೆ. ಗಿರಾಕಿಗಳು ಹದಿನೆಂಟರಲ್ಲಿ ಐದು ಕಳೆದು ‘ಶೇ 13 ಕಡಿಮೆ ಮಾಡಿ’ ಎನ್ನುತ್ತಾರೆ, ಕೆಲವು ಅಂಗಡಿಯವರೂ ಹಾಗೇ ಲೆಕ್ಕ ಹಾಕುತ್ತಾರೆ. 118ರ ಮೇಲೆ ಶೇ 13 ಕಳೆದರೆ ಬರುವುದು ₹102.66. ಅದರಿಂದ ಶೇ 5 ತೆರಿಗೆ ತೆಗೆದರೆ ಮಾಲಿನ ಬೆಲೆ ₹97.77 ಆಗುತ್ತದೆ. ₹100 ಸಿಗಬೇಕಿದ್ದ ಕಡೆ ₹2.23 ಹೋಯಿತು, ಅದೂ ತೆರಿಗೆಗಲ್ಲ, ನಿಮ್ಮ ಲಾಭದಿಂದ. ಒಂದು ಬಾಟಲಿಗೆ 20 ರೂಪಾಯಿ ಲಾಭವಿರುವ ಮಾಲಿನಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು.

ಸರಿಯಾದ ಸೂತ್ರ ಇದು:

```
ಹೊಸ ಬೆಲೆ = ಹಳೆ ಬೆಲೆ × (100 + ಹೊಸ ದರ) ÷ (100 + ಹಳೆ ದರ)

18ರಿಂದ 5ಕ್ಕೆ:   118 × 105 ÷ 118 = 105
12ರಿಂದ 5ಕ್ಕೆ:   560 × 105 ÷ 112 = 525
```

ಎರಡನೆಯ ಸಾಲು ₹560ರ ತುಪ್ಪದ ಡಬ್ಬಿಯದು. ಅಲ್ಲಿ ಇಳಿಕೆ ಶೇ 7 ಅಲ್ಲ, ಶೇ 6.25.

ಇನ್ನು ಎದುರು ದಿಕ್ಕಿನ ತಪ್ಪು. ₹118ಕ್ಕೇ ಮಾರುತ್ತಾ ಬಿಲ್ಲಿನಲ್ಲಿ ಮಾತ್ರ ಶೇ 5 ಎಂದು ತೋರಿಸುವುದು. ಆಗ ಮಾಲಿನ ಬೆಲೆ ₹112.38, ತೆರಿಗೆ ₹5.62 ಎಂದು ಬಿಲ್ಲು ಹೇಳುತ್ತದೆ. ನಿನ್ನೆ ₹100 ಇದ್ದ ಅದೇ ಮಾಲು ಇಂದು ₹112.38 ಹೇಗಾಯಿತು ಎಂದು ಕೇಳಿದರೆ ಉತ್ತರವಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 171ನೇ ಕಲಂ ಪ್ರಕಾರ ತೆರಿಗೆ ಇಳಿದಷ್ಟು ಬೆಲೆ ಇಳಿಸಿ ಗಿರಾಕಿಗೆ ಕೊಡಬೇಕು. ಇದು ಬೇಕೆಂದೇ ಮಾಡಿದ್ದಲ್ಲದಿದ್ದರೂ ಆಗುವ ತಪ್ಪು. ಸಾಫ್ಟ್‌ವೇರ್‌ನಲ್ಲಿ ತೆರಿಗೆ ದರವನ್ನು ತಿದ್ದಿ ಮಾರಾಟದ ಬೆಲೆ ತಿದ್ದದೆ ಬಿಟ್ಟರೆ ಬಿಲ್ಲು ಹೀಗೇ ಬರುತ್ತದೆ. ಹಾಗಾಗಿ ಬದಲಾವಣೆಯ ದಿನ ಬೆಳಗ್ಗೆ ದರ ಇಳಿದ ಒಂದೊಂದು ಬಗೆಯ ಮಾಲಿಗೆ ಒಂದು ಪರೀಕ್ಷಾ ಬಿಲ್ಲು ತೆಗೆದು, ತೆರಿಗೆ ದರ ಹೊಸದಾಗಿದೆಯೇ, ತೆರಿಗೆ ಬಿಟ್ಟ ಬೆಲೆ ಹಿಂದಿನ ದಿನದಷ್ಟೇ ಇದೆಯೇ ಎಂದು ನೋಡಿ. ಆ ಎರಡು ಅಂಕಿ ಸರಿಯಿದ್ದರೆ ಮಿಕ್ಕದ್ದೂ ಸರಿಯಿರುತ್ತದೆ.

ಡಬ್ಬಿಯ ಮೇಲೆ ಹಳೆ ಎಂಆರ್‌ಪಿ ಅಚ್ಚಾಗಿದೆಯಲ್ಲ ಎಂಬ ಚಿಂತೆ ಬೇಡ. ಅಂಗಡಿಯವರು ಕೂತು ಒಂದೊಂದಕ್ಕೂ ಚೀಟಿ ಅಂಟಿಸಬೇಕೆಂದು 2025ರಲ್ಲಿ ಯಾರೂ ಹೇಳಲಿಲ್ಲ. ಹೊಸ ಬೆಲೆಯ ಸ್ಟಿಕರ್ ಹಾಕಲು ಅವಕಾಶ ಕೊಟ್ಟದ್ದು ತಯಾರಕರು, ಪ್ಯಾಕ್ ಮಾಡುವವರು, ಆಮದುದಾರರಿಗೆ, ಅದೂ ಹಳೆ ಬೆಲೆ ಮುಚ್ಚಿಹೋಗದಂತೆ. ಸೆಪ್ಟೆಂಬರ್ 22ಕ್ಕೆ ಮೊದಲೇ ತಯಾರಾಗಿದ್ದ ಮಾಲಿಗೆ ಅದು ಅವರ ಇಷ್ಟಕ್ಕೆ ಬಿಟ್ಟದ್ದು ಎಂದು ಗ್ರಾಹಕ ವ್ಯವಹಾರಗಳ ಇಲಾಖೆ ಆಮೇಲೆ ಸ್ಪಷ್ಟಪಡಿಸಿತು. ಕಂಪನಿಯವರು ಕಳಿಸಿದ ಹೊಸ ಬೆಲೆ ಪಟ್ಟಿಯನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಿ, ಅದರಂತೆ ಬಿಲ್ಲು ಮಾಡಿದರೆ ಸಾಕು. ಐದು, ಹತ್ತು ರೂಪಾಯಿಯ ಪೊಟ್ಟಣಗಳದ್ದು ಬೇರೆ ಕಥೆ. ಹತ್ತು ರೂಪಾಯಿ ಬಿಸ್ಕತ್ತು ಲೆಕ್ಕದ ಪ್ರಕಾರ ₹8.90 ಆಗುತ್ತದೆ, ಚಿಲ್ಲರೆ ಎಲ್ಲಿಂದ ತರುವುದು? ಅದಕ್ಕೇ ಹಲವು ಕಂಪನಿಗಳು ಬೆಲೆ ಅಷ್ಟೇ ಇಟ್ಟು ತೂಕ ಹೆಚ್ಚಿಸಿದವು. ಹೆಚ್ಚು ತೂಕದ ಪೊಟ್ಟಣ ಬರುವವರೆಗೆ ಹಳೆಯದನ್ನು ಇಳಿದ ಬೆಲೆಗೇ ಕೊಡಬೇಕು.

ಮೂರನೆಯ ಹೆಜ್ಜೆ: ಹಿಂದಿನ ರಾತ್ರಿಯ ಸ್ಟಾಕು

ದರ ಬದಲಾಗುವ ಹಿಂದಿನ ರಾತ್ರಿ, ಈ ಸಲದ ಲೆಕ್ಕದಲ್ಲಿ ಸೆಪ್ಟೆಂಬರ್ 21ರಂದು, ಅಂಗಡಿ ಮುಚ್ಚಿದ ಮೇಲೆ ದರ ಬದಲಾದ ಮಾಲನ್ನು ಮಾತ್ರ ಎಣಿಸಿ ಬರೆದಿಡಬೇಕು. ಇಡೀ ಅಂಗಡಿ ಎಣಿಸುವ ಅಗತ್ಯವಿಲ್ಲ. ಮಾಲಿನ ಹೆಸರು, ಎಷ್ಟು, ಯಾವ ಬಿಲ್ಲಿನಲ್ಲಿ ಬಂತು, ಅದರ ಮೇಲೆ ಕೊಟ್ಟ ತೆರಿಗೆ ಎಷ್ಟು ಎಂಬ ನಾಲ್ಕು ಕಲಮು ಸಾಕು. ಮುಂದಿನ ಎಲ್ಲ ಲೆಕ್ಕಕ್ಕೂ, ಡಿಸ್ಟ್ರಿಬ್ಯೂಟರ್ ಹತ್ತಿರ ಮಾತಾಡಲಿಕ್ಕೂ ಈ ಹಾಳೆಯೇ ಆಧಾರ.

ನಮ್ಮ ಉದಾಹರಣೆಯಲ್ಲಿ 50 ಬಾಟಲಿ ಉಳಿದಿವೆ. ಒಂದೊಂದರ ಖರೀದಿ ಬೆಲೆ ₹80, ಶೇ 18ರಂತೆ ತೆರಿಗೆ ₹14.40, ಒಟ್ಟು ₹94.40.

ಸಾಮಾನ್ಯ ನೋಂದಣಿಯಿದ್ದರೆ: ನಷ್ಟವಿಲ್ಲ, ದುಡ್ಡು ಸಿಕ್ಕಿಕೊಳ್ಳುತ್ತದೆ

ತಿಂಗಳು ಅಥವಾ ತ್ರೈಮಾಸಿಕ ರಿಟರ್ನ್ ಹಾಕುವ, ಖರೀದಿ ಮೇಲಿನ ತೆರಿಗೆಯನ್ನು ಇನ್‌ಪುಟ್ ಎಂದು ಕಳೆದುಕೊಳ್ಳುವ ಅಂಗಡಿಯವರ ಲೆಕ್ಕ ಹೀಗೆ. ಹಿಂದೆ ಒಂದು ಬಾಟಲಿ ₹118ಕ್ಕೆ ಮಾರಿದಾಗ ಸರ್ಕಾರಕ್ಕೆ ಕೊಡಬೇಕಾದ ತೆರಿಗೆ ₹18, ಮೊದಲೇ ಕೊಟ್ಟದ್ದು ₹14.40, ಕೈಯಿಂದ ಕಟ್ಟಬೇಕಾದ್ದು ₹3.60. ಗಿರಾಕಿ ಕೊಟ್ಟ 118ರಲ್ಲಿ ಡಿಸ್ಟ್ರಿಬ್ಯೂಟರಿಗೆ ಕೊಟ್ಟ 94.40 ಮತ್ತು ಈ 3.60 ಕಳೆದರೆ ಉಳಿಯುವುದು ₹20. ಅದೇ ಲಾಭ.

ಈಗ ಅದೇ ಬಾಟಲಿ ₹105ಕ್ಕೆ ಹೋಗುತ್ತದೆ. ₹94.40 ಕಳೆದರೆ ಗಲ್ಲದಲ್ಲಿ ಉಳಿಯುವುದು ಬರೀ ₹10.60. ಇಲ್ಲೇ ಅಂಗಡಿಯವರಿಗೆ ಎದೆ ಧಸಕ್ಕೆನ್ನುವುದು, ಅರ್ಧ ಲಾಭ ಹೋಯಿತಲ್ಲ ಎಂದು. ಹೋಗಿಲ್ಲ. ಮಾರಾಟದ ಮೇಲೆ ಕೊಡಬೇಕಾದ ತೆರಿಗೆ ₹5, ನಿಮ್ಮ ಹೆಸರಲ್ಲಿ ಜಮೆ ಇರುವುದು ₹14.40. ಐದು ಕಳೆದರೂ ₹9.40 ನಿಮ್ಮ ಎಲೆಕ್ಟ್ರಾನಿಕ್ ಕ್ರೆಡಿಟ್ ಲೆಡ್ಜರ್‌ನಲ್ಲಿ ಉಳಿಯುತ್ತದೆ. 10.60 ಮತ್ತು 9.40 ಕೂಡಿದರೆ ಮತ್ತೆ ಅದೇ 20.

50 ಬಾಟಲಿಗೆ ಇದನ್ನು ಹಿಗ್ಗಿಸಿದರೆ ಲಾಭ ₹1,000. ಅದರಲ್ಲಿ ₹530 ಗಲ್ಲದಲ್ಲಿ, ₹470 ಲೆಡ್ಜರ್‌ನಲ್ಲಿ. ಹಳೆ ದರದಲ್ಲಿ ಕಟ್ಟಿದ ತೆರಿಗೆಯ ಇನ್‌ಪುಟ್ಟನ್ನು ದರ ಇಳಿಯಿತೆಂದು ಯಾರೂ ಕಸಿಯುವುದಿಲ್ಲ. ಖರೀದಿಯ ದಿನ ಯಾವ ದರವಿತ್ತೋ ಆ ಪೂರ್ತಿ ಮೊತ್ತ ನಿಮ್ಮದೇ.

ಆದರೆ ಈ ₹470ನ್ನು ನಗದಾಗಿ ವಾಪಸು ಕೇಳಲು ಬರುವುದಿಲ್ಲ. ಅದೇ ಮಾಲನ್ನು ಕೊಂಡು ಅದನ್ನೇ ಮಾರುವ ವ್ಯಾಪಾರಿಗೆ, ನಡುವೆ ದರ ಇಳಿದದ್ದರಿಂದ ಉಳಿದ ಇನ್‌ಪುಟ್ಟಿಗೆ ಮರುಪಾವತಿ ಇಲ್ಲ. ಮುಂದಿನ ತೆರಿಗೆಗೆ ವಜಾ ಮಾಡಿಕೊಳ್ಳುವುದೊಂದೇ ದಾರಿ. ಎಷ್ಟು ಬೇಗ ಕರಗುತ್ತದೆ ಎಂಬುದು ಅಂಗಡಿಯಲ್ಲಿ ಇನ್ನೇನು ಮಾರುತ್ತೀರಿ ಎಂಬುದಕ್ಕೆ ಬಿಟ್ಟದ್ದು. ಬಟ್ಟೆ ಪುಡಿಯಂಥ ಶೇ 18ರ ಮಾಲೂ ಇದ್ದರೆ, ಅದರ ಮೇಲೆ ನೀವು ಇಟ್ಟುಕೊಳ್ಳುವ ಪ್ರತಿ ನೂರು ರೂಪಾಯಿ ಲಾಭಕ್ಕೆ ₹18 ಕಟ್ಟಬೇಕಾಗುತ್ತದೆ. ಆ ಹದಿನೆಂಟನ್ನು ಲೆಡ್ಜರ್‌ನಿಂದ ಕೊಡಬಹುದು. ಹಾಗಾಗಿ ಸುಮಾರು ₹2,600 ಲಾಭ ಬರುವಷ್ಟು ಮಾರುವ ಹೊತ್ತಿಗೆ ₹470 ತೀರುತ್ತದೆ. ಅಂಗಡಿಯಲ್ಲಿ ಇರುವುದೆಲ್ಲ ಶೇ 5ರದ್ದೇ ಆದರೆ ಅಷ್ಟೇ ಜಮೆ ಕರಗಲು ₹9,400 ಲಾಭದಷ್ಟು ವ್ಯಾಪಾರ ಬೇಕು. ಐವತ್ತು ಬಾಟಲಿಗೆ ಇದು ದೊಡ್ಡ ಮಾತಲ್ಲ. ಐದು ಲಕ್ಷದ ಸ್ಟಾಕು ಇರುವವರಿಗೆ ಡಿಸ್ಟ್ರಿಬ್ಯೂಟರಿಗೆ ಕೊಡುವ ದುಡ್ಡೇ ಸಿಕ್ಕಿಕೊಂಡಂತೆ. ಅವರು ಇನ್ನೊಂದಿಷ್ಟು ದಿನದ ಉದ್ದರಿ ಕೇಳುವುದು ನ್ಯಾಯವೇ.

ಕಾಂಪೊಸಿಷನ್‌ನವರಿಗೆ: ಇಲ್ಲಿ ಪೆಟ್ಟು ನಿಜ

ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗಳಿಗೆ ಇರುವ ಕಾಂಪೊಸಿಷನ್‌ನಲ್ಲಿ ವಹಿವಾಟಿನ ಶೇ 1 ಕಟ್ಟಿದರೆ ಮುಗಿಯಿತು. ಆ ಶೇ 1 ಬದಲಾಗಲಿಲ್ಲ. ಆದರೆ ಇವರಿಗೆ ಇನ್‌ಪುಟ್ ಇಲ್ಲ. ಡಿಸ್ಟ್ರಿಬ್ಯೂಟರಿಗೆ ಕೊಟ್ಟ ₹14.40 ತೆರಿಗೆ ಇವರ ಮಟ್ಟಿಗೆ ಅಸಲೇ. ಬಾಟಲಿಯ ಅಸಲು ₹80 ಅಲ್ಲ, ₹94.40.

ಹಿಂದೆ ₹118ಕ್ಕೆ ಮಾರಿದಾಗ ಉಳಿಯುತ್ತಿದ್ದದ್ದು ₹23.60, ಅದರಲ್ಲಿ ಶೇ 1ರ ₹1.18 ಕಟ್ಟಿ ₹22.42. ಅದೇ ಹಳೆ ಬಾಟಲಿ ₹105ಕ್ಕೆ ಹೋದರೆ ₹10.60, ಅದರಲ್ಲಿ ₹1.05 ಕಟ್ಟಿದರೆ ₹9.55. ಒಂದು ಬಾಟಲಿಗೆ ₹12.87 ಕಡಿಮೆ, ಐವತ್ತಕ್ಕೆ ₹643.50. ಇದು ಲೆಡ್ಜರ್‌ನಲ್ಲಿ ಕೂತು ಆಮೇಲೆ ಬರುವ ದುಡ್ಡಲ್ಲ, ಹೋದದ್ದೇ. ನಿಮ್ಮ ತೆರಿಗೆ ದರ ಬದಲಾಗದಿದ್ದರೂ ಎದುರಿನ ಅಂಗಡಿಯಲ್ಲಿ ₹105ಕ್ಕೆ ಸಿಗುವಾಗ ₹118 ಕೊಡುವ ಗಿರಾಕಿ ಎಲ್ಲಿ?

ಈ ಕೊರತೆ ತುಂಬಿಕೊಳ್ಳಲು ಕಾನೂನಿನಲ್ಲಿ ಬಾಗಿಲಿಲ್ಲ, ವ್ಯವಹಾರದಲ್ಲಿ ಇದೆ. ಸ್ಟಾಕಿನ ಹಾಳೆ ಹಿಡಿದು ಡಿಸ್ಟ್ರಿಬ್ಯೂಟರ್ ಹತ್ತಿರ ಬೆಲೆ ವ್ಯತ್ಯಾಸ ಕೇಳಬೇಕು, ಅಥವಾ ಮಾಲನ್ನೇ ವಾಪಸು ಕೊಟ್ಟು ಹೊಸ ದರದ ಬಿಲ್ಲಿನಲ್ಲಿ ತರಿಸಿಕೊಳ್ಳಬೇಕು. ಸಾಮಾನ್ಯ ನೋಂದಣಿಯ ಡಿಸ್ಟ್ರಿಬ್ಯೂಟರಿಗೆ ಇನ್‌ಪುಟ್ ಸಿಗುವುದರಿಂದ ವಾಪಸು ತೆಗೆದುಕೊಳ್ಳುವುದು ಅವರಿಗೆ ನಿಮಗಿರುವಷ್ಟು ಭಾರವಲ್ಲ. ದರ ಇಳಿಯುತ್ತದೆಂದು ಮೊದಲೇ ಗೊತ್ತಾದಾಗ ಇವರು ಮಾಡಬೇಕಾದ ಮೊದಲ ಕೆಲಸ ಆರ್ಡರ್ ನಿಲ್ಲಿಸುವುದು. ಈ ಸಲ ಘೋಷಣೆಗೂ ಜಾರಿಗೂ ನಡುವೆ ಹತ್ತೊಂಬತ್ತು ದಿನ ಇದ್ದವು, ಅಷ್ಟರಲ್ಲಿ ಸ್ಟಾಕು ಅರ್ಧ ಮಾಡಿಕೊಂಡವರಿಗೆ ಪೆಟ್ಟೂ ಅರ್ಧವಾಯಿತು.

ಹೊಸ ಸ್ಟಾಕಿನಲ್ಲೂ ಲಾಭ ಹಿಂದಿನಷ್ಟು ಬರುವುದಿಲ್ಲ ಎಂಬುದನ್ನು ಕಾಂಪೊಸಿಷನ್‌ನವರಲ್ಲಿ ಹೆಚ್ಚಿನವರು ಗಮನಿಸಿಲ್ಲ. ಈಗ ಖರೀದಿ ₹84, ಮಾರಾಟ ₹105, ಉಳಿಯುವುದು ₹21, ಶೇ 1 ಕಳೆದರೆ ₹19.95. ಹಿಂದೆ ₹22.42 ಇತ್ತು. ಸಾಮಾನ್ಯ ನೋಂದಣಿಯವರು ತಮ್ಮ ಲಾಭದ ಮೇಲೆ ಕಟ್ಟುತ್ತಿದ್ದ ₹3.60 ಕಾಂಪೊಸಿಷನ್‌ನವರ ಬಳಿಯೇ ಉಳಿಯುತ್ತಿತ್ತು. ಅದು ಈಗ ₹1 ಆಗಿದೆ. ಶೇ 5ರ ಮಾಲನ್ನೇ ಹೆಚ್ಚಾಗಿ ಮಾರುವವರು ಕಾಂಪೊಸಿಷನ್‌ನಲ್ಲೇ ಮುಂದುವರಿಯಬೇಕೇ ಎಂದು ವರ್ಷಾರಂಭಕ್ಕೆ ಮೊದಲು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ರಿಟರ್ನ್ ಹಾಕಿಸುವ ಖರ್ಚನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಸೊನ್ನೆಗೆ ಇಳಿದ ಮಾಲು

ತೆರಿಗೆ ಸೊನ್ನೆಯಾದರೆ ಇನ್ನೂ ಒಳ್ಳೆಯದು ಎನಿಸುತ್ತದೆ. ಸಾಮಾನ್ಯ ನೋಂದಣಿಯವರಿಗೆ ಹಳೆ ಸ್ಟಾಕಿನ ಮಟ್ಟಿಗೆ ಅದು ಶೇ 5ಕ್ಕಿಂತ ಕೆಟ್ಟದ್ದು. ತೆರಿಗೆ ಇಲ್ಲದ ಮಾಲಿಗೆ ಇನ್‌ಪುಟ್ಟೂ ಇಲ್ಲ ಎಂಬುದು ನಿಯಮ. ಹಾಗಾಗಿ ಆ ದಿನ ಸ್ಟಾಕಿನಲ್ಲಿರುವ ನೋಟ್‌ಬುಕ್ಕುಗಳ ಮೇಲೆ ಮೊದಲೇ ತೆಗೆದುಕೊಂಡ ಇನ್‌ಪುಟ್ಟನ್ನು ವಾಪಸು ಮಾಡಬೇಕು.

ಒಂದು ನೋಟ್‌ಬುಕ್ಕಿನ ಖರೀದಿ ₹40, ಶೇ 12ರಂತೆ ತೆರಿಗೆ ₹4.80. ಮಾರಾಟ ₹50, ತೆರಿಗೆ ₹6, ಒಟ್ಟು ₹56. ಲಾಭ ₹10. ದರ ಸೊನ್ನೆಯಾದ ಮೇಲೆ ಬೆಲೆ ₹50. ₹4.80 ವಾಪಸು ಮಾಡಿದ್ದರಿಂದ ಅಸಲು ₹44.80. ಲಾಭ ₹5.20, ಅರ್ಧದ ಆಸುಪಾಸು. ಮಾಲು ಹೊಸದಾಗಿ ₹40ಕ್ಕೆ ಬಂದ ಮೇಲೆ ಮತ್ತೆ ₹10 ಸಿಗುತ್ತದೆ. ಸ್ಟೇಷನರಿ ಅಂಗಡಿಯವರು ಇನ್‌ಪುಟ್ ವಾಪಸು ಮಾಡದೆ ಬಿಟ್ಟರೆ ಅದು ಆಗ ಯಾರಿಗೂ ಕಾಣುವುದಿಲ್ಲ, ಆಮೇಲೆ ಪರಿಶೀಲನೆಯಲ್ಲಿ ಬಡ್ಡಿ ಸಮೇತ ಕೇಳುತ್ತಾರೆ. 21ರ ರಾತ್ರಿಯ ಹಾಳೆಯನ್ನು ನಿಮ್ಮ ಲೆಕ್ಕಪತ್ರ ನೋಡುವವರಿಗೆ ಕೊಟ್ಟು ಈ ಒಂದು ಕೆಲಸ ಆಯಿತೇ ಎಂದು ಕೇಳಿ.

ಕೊನೆಯ ಹೆಜ್ಜೆ: ಎರಡು ದರದ ನಡುವೆ ಬಿದ್ದ ಬಿಲ್ಲುಗಳು

ಗಲ್ಲದ ಎದುರು ದುಡ್ಡು ಕೊಟ್ಟು ಮಾಲು ಒಯ್ಯುವ ವ್ಯಾಪಾರದಲ್ಲಿ ಗೊಂದಲವಿಲ್ಲ. ಮಾರಿದ ದಿನದ ದರವೇ ದರ, ನೀವು ಮಾಲನ್ನು ಯಾವಾಗ ಕೊಂಡಿರಿ ಎಂಬುದು ಲೆಕ್ಕಕ್ಕಿಲ್ಲ. ತೊಡಕಾಗುವುದು ಉದ್ದರಿ ಮತ್ತು ಮುಂಗಡದಲ್ಲಿ. ಅದಕ್ಕೆ ಕಾಯ್ದೆಯ 14ನೇ ಕಲಮಿನಲ್ಲಿ ಉತ್ತರವಿದೆ. ಮಾಲು ಕೊಟ್ಟದ್ದು, ಬಿಲ್ಲು ಬರೆದದ್ದು, ದುಡ್ಡು ಬಂದದ್ದು, ಈ ಮೂರರಲ್ಲಿ ಯಾವ ಎರಡು ಒಂದೇ ಕಡೆ ಬೀಳುತ್ತವೋ ಆ ಕಡೆಯ ದರ.

ಸೆಪ್ಟೆಂಬರ್ 20ರಂದು ಒಂದು ಲಾಡ್ಜಿಗೆ ಸಾಬೂನು ಕಳಿಸಿ ಅಂದೇ ಬಿಲ್ಲು ಕೊಟ್ಟಿರಿ, ದುಡ್ಡು ಬಂದದ್ದು ಅಕ್ಟೋಬರ್ 5ಕ್ಕೆ. ಮಾಲೂ ಬಿಲ್ಲೂ ಹಳೆ ಕಡೆ ಇವೆ, ಶೇ 18. ‘ಈಗ ಶೇ 5 ಅಲ್ಲವೇ, ಅಷ್ಟೇ ಕೊಡುತ್ತೇವೆ’ ಎಂದು ಅವರು ಕಡಿತ ಮಾಡಿದರೆ ಒಪ್ಪಬೇಡಿ, ಕಟ್ಟಬೇಕಾದ ಶೇ 18 ನಿಮ್ಮ ತಲೆಗೇ ಬರುತ್ತದೆ. ಇನ್ನೊಬ್ಬರು 18ರಂದೇ ಮುಂಗಡ ಕೊಟ್ಟು, 23ರಂದು ಬಿಲ್ಲಿನ ಸಮೇತ ಮಾಲು ಒಯ್ದರು. ಇಲ್ಲಿ ಎರಡು ಹೊಸ ಕಡೆ, ಶೇ 5.

ವಾಪಸು ಬರುವ ಮಾಲಿನಲ್ಲಿ ನಿಯಮ ಇನ್ನೂ ನೇರ. 20ರಂದು ₹118ಕ್ಕೆ ಒಯ್ದ ಬಾಟಲಿಯನ್ನು ಗಿರಾಕಿ 25ರಂದು ತಂದುಕೊಟ್ಟರೆ ₹118 ಹಿಂತಿರುಗಿಸಿ, ಕ್ರೆಡಿಟ್ ನೋಟನ್ನು ಶೇ 18ರಲ್ಲೇ ಬರೆಯಬೇಕು. ಮೂಲ ಬಿಲ್ಲಿನ ದರವೇ ಅದಕ್ಕೂ. ಬದಲಿಗೆ ಇನ್ನೊಂದು ಬಾಟಲಿ ಒಯ್ದರೆ ಅದು ಹೊಸ ಮಾರಾಟ, ₹105, ಶೇ 5. ₹13 ಅವರ ಕೈಗೆ ಕೊಡಬೇಕಾಗುತ್ತದೆ. ಎರಡನ್ನೂ ಒಂದೇ ಚೀಟಿಯಲ್ಲಿ ಸರಿದೂಗಿಸಿದರೆ ತಿಂಗಳ ಕೊನೆಯಲ್ಲಿ ತೆರಿಗೆ ತಾಳೆಯಾಗುವುದಿಲ್ಲ.

ಆ ತಿಂಗಳ ರಿಟರ್ನ್‌ನಲ್ಲಿ ಅದೇ ಎಚ್‌ಎಸ್‌ಎನ್ ಎರಡು ದರದಲ್ಲಿ ಕಾಣುವುದು ಸರಿಯೇ: 21ರವರೆಗಿನ ಮಾರಾಟ ಶೇ 18ರಲ್ಲಿ, 22ರಿಂದ ಮುಂದಿನದು ಶೇ 5ರಲ್ಲಿ. ಒಂದೇ ದರ ಕಂಡರೆ ಯಾರೋ ಸಾಫ್ಟ್‌ವೇರ್‌ನಲ್ಲಿ ದಿನಾಂಕ ಹಾಕದೆ ದರ ತಿದ್ದಿದ್ದಾರೆ, ಹಳೆ ಬಿಲ್ಲುಗಳೂ ಅದರ ಜೊತೆ ಬದಲಾಗಿವೆ ಎಂದರ್ಥ. ರಿಟರ್ನ್ ಸಲ್ಲಿಸುವ ಮೊದಲು 20 ಅಥವಾ 21ನೇ ತಾರೀಖಿನ ಯಾವುದಾದರೊಂದು ಬಿಲ್ಲನ್ನು ಮತ್ತೆ ತೆರೆದು, ಗಿರಾಕಿಗೆ ಅಂದು ಕೊಟ್ಟ ಪ್ರತಿಯಲ್ಲಿದ್ದ ಅಂಕಿಯೇ ಅದರಲ್ಲೂ ಇದೆಯೇ ಎಂದು ನೋಡಿ.